ಹೊರಗಿನೆರಡು, ಒಳಗಿನೆರಡು

ಪ್ಲೈವುಡ್ ಹಲಗೆಯನ್ನು ಆಟೋದಿಂದ ಇಳಿಸಿ ಲ್ಯಾಬಿನವರೆಗೆ ತರಲು ಇಬ್ಬರು ಬೇಕಾಯಿತು. ಒಂದು ಕಡೆ ನಮ್ಮ ವಿಭಾಗದ ಹೊಸ ಮೇಡಂ ಹಿಡಿದರು, ಇನ್ನೊಂದು ಕಡೆ ನಾನು. ಪುಣೆಯ ವಿಮಾನ ನಗರದ ತಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತು ಮಾಡಿದ್ದಂತೆ. ಮುಂದಿನ ಬದಿಗೆ ಕೆನೆಬಣ್ಣ ಬಳಿದು, ಅದರ ಮೇಲೆ ಕಪ್ಪು ಬಣ್ಣದಲ್ಲಿ ಸರ್ಕ್ಯೂಟಿನ ಚಿತ್ರ ಬರೆದಿದ್ದರು. ಕೆಳಗೆ ಸಾಲಾಗಿ ನಾಲ್ಕು ದೊಡ್ಡ ಸ್ವಿಚ್ಚುಗಳಿದ್ದವು. ಅವುಗಳ ಮೇಲೆ ಎಡದಿಂದ ಬಲಕ್ಕೆ ಎಂಟು, ನಾಲ್ಕು, ಎರಡು, ಒಂದು ಎಂದು ಬರೆದಿತ್ತು. ರೆಸಿಸ್ಟರುಗಳೂ ತಂತಿಗಳೂ ಹಿಂಬದಿಯಲ್ಲಿದ್ದವು.

ನಾನು ಹಿಡಿದದ್ದು ಹಿಂಬದಿ ನನ್ನ ಮುಖಕ್ಕೆ ಬರುವ ಹಾಗೆ. ಮೆಟ್ಟಿಲು ಹತ್ತುವಷ್ಟು ಹೊತ್ತೂ ಬೆಸುಗೆಗಳನ್ನೇ ನೋಡುತ್ತಿದ್ದೆ. ಎಲ್ಲಾದರೂ ಒಂದು ಸಡಿಲ ಬೆಸುಗೆ, ಒಂದು ಸುಟ್ಟ ತಂತಿ ಸಿಗಲಿ ಅಂತ. ಸಿಗಲಿಲ್ಲ. ಪ್ರತಿ ಬೆಸುಗೆಯೂ ಹೊಳೆಯುತ್ತಿತ್ತು.

“ಭಾಳ ದೊಡ್ಡದು ಮಾಡೀರಿ ಮೇಡಂ,” ಎಂದೆ. “ಬಾಗಲಾಗ ಹೋಗ್ತದೋ ಇಲ್ಲೋ.”

“ಅಳತೆ ತಗೊಂಡೇ ಮಾಡಿದೀನಿ ಸರ್,” ಎಂದರು ಅವರು, ಆ ಕಡೆಯಿಂದ.

ಹಲಗೆ ಬಾಗಿಲಲ್ಲಿ ಸಲೀಸಾಗಿ ಹೋಯಿತು.

ಖಡಕಿಯ ಹತ್ತಿರವಿರುವ ನಮ್ಮ ಪಾಲಿಟೆಕ್ನಿಕ್ಕಿನ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಕನ್ನಡ ಬರುತ್ತಿದ್ದವರು ನಾವಿಬ್ಬರೇ. ನಾನು ಧಾರವಾಡದ ಕಡೆಯವನು. ಮದುವೆಯಾದಾಗಿನಿಂದ ಬಿಬವೇವಾಡಿಯಲ್ಲಿ ಮನೆ. ಪಾಠ ಹೇಳುವುದರ ಜೊತೆಗೆ ಒಂದು ಕನ್ನಡ ಪತ್ರಿಕೆಗೆ ಪುಣೆಯ ಸುದ್ದಿ ಬರೆದು ಕಳಿಸುತ್ತಿದ್ದೆ. ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಕೇಳಿದ್ದು ಎಂದೇ ಬರೆಯುವ ರೂಢಿ ಅಲ್ಲಿಂದ ಬಂದದ್ದು. ಅವರು ಬೆಂಗಳೂರಿನವರು. ಗಂಡನ ಕೆಲಸದ ಕಾರಣ ಪುಣೆಗೆ ಬಂದು, ಹಿಂದಿನ ಟರ್ಮಿನಲ್ಲಿ ನಮ್ಮ ವಿಭಾಗ ಸೇರಿದ್ದರು. ಮೊದಲ ವಾರ ನನಗೆ ಖುಷಿಯೇ ಆಗಿತ್ತು. ಸ್ಟಾಫ್‌ರೂಮಿನಲ್ಲಿ ಚಹಾ ಕುಡಿಯುತ್ತ ಕನ್ನಡದಲ್ಲಿ ನಾಲ್ಕು ಮಾತಾಡಬಹುದಲ್ಲ ಅಂತ.

ಖುಷಿ ಕರಗಿದ್ದು ಅವರ ಮರಾಠಿಯಿಂದ. ಅವರಿಗೆ ಮರಾಠಿ ಬರುತ್ತಿರಲಿಲ್ಲ. ಲಿಂಗ ತಪ್ಪಿಸಿ, ಕ್ರಿಯಾಪದ ನುಂಗಿ, ನಡುವೆ ಇಂಗ್ಲಿಷ್ ತುಂಬಿ ಮಾತಾಡುತ್ತಿದ್ದರು. ಹುಡುಗರು ನಗುತ್ತಿದ್ದರು, ತಿದ್ದುತ್ತಿದ್ದರು, ತಿದ್ದುವ ನೆಪದಲ್ಲಿ ಪಾಠವನ್ನೂ ಕೇಳುತ್ತಿದ್ದರು. ನನ್ನ ಮರಾಠಿಯಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಅದನ್ನು ಕೇಳಲು ಯಾರೂ ಮುಂದಿನ ಬೆಂಚಿಗೆ ಓಡಿ ಬಂದದ್ದು ನಾನು ಕಂಡಿಲ್ಲ.

ವಿಷಯ ಇದು. ಎರಡನೇ ವರ್ಷದ ಡಿಜಿಟಲ್ ಎಲೆಕ್ಟ್ರಾನಿಕ್ಸ್ ನಾನು ಸೇರಿದಾಗಿನಿಂದ ನನ್ನದಾಗಿತ್ತು. ಪಾಠವೂ ನನ್ನದು, ಲ್ಯಾಬೂ ನನ್ನದು. ಆ ಟರ್ಮಿನ ಕೊನೆಗೆ ವಿಭಾಗದ ಮುಖ್ಯಸ್ಥೆ ನನ್ನನ್ನು ಕರೆದು, ಮುಂದಿನ ವರ್ಷ ಅದನ್ನು ಹೊಸ ಮೇಡಂಗೆ ಕೊಡುವ ಯೋಚನೆ ಇದೆ ಎಂದರು. ಹುಡುಗರು ಕೇಳುತ್ತಿದ್ದಾರಂತೆ. ಕೊಟ್ಟರೆ ನನಗೆ ಮೊದಲ ವರ್ಷದ ವೈರಿಂಗ್ ಪಾಠ. ಬಲ್ಬು, ಹೋಲ್ಡರು, ಎರಡು ಕಡೆಯಿಂದ ಹಾಕುವ ಮೆಟ್ಟಿಲ ಸ್ವಿಚ್ಚು. ಅದರಲ್ಲಿ ಅವಮಾನವೇನೂ ಇಲ್ಲ ಎಂದು ಮುಖ್ಯಸ್ಥೆ ತಾವಾಗಿಯೇ ಹೇಳಿದರು. ನಾನು ಅವಮಾನದ ಮಾತೇ ಎತ್ತಿರಲಿಲ್ಲ.

“ಮೊದಲು ಅವರು ಒಂದು ಕ್ಲಾಸ್ ತಗೊಳ್ಳಲಿ. ನೀವು ಹಿಂದೆ ಕೂತು ನೋಡಿ. ಆಮೇಲೆ ನಿರ್ಧಾರ ಮಾಡೋಣ,” ಎಂದರು ಮರಾಠಿಯಲ್ಲಿ.

ಇದು ನಮ್ಮ ವಿಭಾಗದ ಪದ್ಧತಿ. ಯಾರಾದರೂ ಹೊಸ ವಿಷಯ ಹಿಡಿಯುವ ಮೊದಲು ಅದರಲ್ಲಿ ಒಂದು ಪ್ರಯೋಗವನ್ನು ಮಕ್ಕಳ ಮುಂದೆ ಮಾಡಿ ತೋರಿಸಬೇಕು. ಆ ವಿಷಯವನ್ನು ಅಲ್ಲಿಯವರೆಗೆ ಕಲಿಸಿದವರು ಕೊನೆಯ ಬೆಂಚಿನಲ್ಲಿ ವಿದ್ಯಾರ್ಥಿಯಾಗಿ ಕೂರಬೇಕು. ಸಹಾಯ ಮಾಡುವಂತಿಲ್ಲ, ತಿದ್ದುವಂತಿಲ್ಲ. ಆದರೆ ಮೊದಲ ಪ್ರಶ್ನೆ ಕೇಳುವ ಹಕ್ಕು ಅವರದೇ.

ಅವರು ಆರಿಸಿಕೊಂಡದ್ದು ಲ್ಯಾಡರ್ ಡ್ಯಾಕ್. ನನ್ನ ನೆಚ್ಚಿನ ಪ್ರಯೋಗ. ಬೈನರಿಯಲ್ಲಿ ಕೊಟ್ಟ ಸಂಖ್ಯೆಯನ್ನು ಅದಕ್ಕೆ ತಕ್ಕ ವೋಲ್ಟೇಜ್ ಆಗಿ ಮಾಡಿ ಕೊಡುವ ಸರ್ಕ್ಯೂಟು. ಬೇಕಾದದ್ದು ಎರಡೇ ಬೆಲೆಯ ರೆಸಿಸ್ಟರು, ಹತ್ತು ಕಿಲೋ ಓಮಿನದು ಮತ್ತು ಅದರ ಎರಡರಷ್ಟು, ಇಪ್ಪತ್ತರದು. ಹತ್ತರವು ಏಣಿಯ ಉದ್ದಕ್ಕೆ, ಇಪ್ಪತ್ತರವು ಒಂದೊಂದು ಸ್ವಿಚ್ಚಿಗೆ ಇಳಿಯುವ ಕಾಲಿನ ಹಾಗೆ. ಸ್ವಿಚ್ಚು ಮೇಲಿದ್ದರೆ ಆ ಕಾಲಿಗೆ ಐದು ವೋಲ್ಟ್, ಕೆಳಗಿದ್ದರೆ ಸೊನ್ನೆ, ಅಂದರೆ ಗ್ರೌಂಡು.

ಹಲಗೆ ತಂದ ದಿನ, ಅದನ್ನು ಗೋಡೆಗೆ ಒರಗಿಸಿಟ್ಟ ಮೇಲೆ ಅವರು ಕೇಳಿದರು, “ಸರ್, ನಿಮ್ಮ ಲ್ಯಾಬಲ್ಲಿ ಇದನ್ನ ಹೇಗೆ ಚೆಕ್ ಮಾಡ್ತೀರಾ? ಹದಿನಾರೂ ಕಾಂಬಿನೇಷನ್ ಹಾಕಿ ನೋಡ್ತೀರಾ?”

“ಅಷ್ಟೆಲ್ಲ ಯಾಕ್ರಿ,” ಎಂದೆ. “ಎಲ್ಲಾ ಕೆಳಗ, ಎಲ್ಲಾ ಮ್ಯಾಲ, ಹೊರಗಿನೆರಡು, ಒಳಗಿನೆರಡು. ನಾಲ್ಕು ನೋಡಿದ್ರ ಮುಗೀತು.”

ನನ್ನ ಲ್ಯಾಬಿನಲ್ಲಿ ಎಲ್ಲರೂ ಮಾಡುವುದೇ ಹಾಗೆ. ಎಲ್ಲಾ ಕೆಳಗಿದ್ದರೆ ಸೊನ್ನೆ ಬರಬೇಕು. ಎಲ್ಲಾ ಮೇಲಿದ್ದರೆ ಐದರ ಹದಿನೈದು ಹದಿನಾರಾಂಶ, 4.69 ವೋಲ್ಟ್. ಹೊರಗಿನ ಎರಡು ಮಾತ್ರ ಮೇಲಿದ್ದರೆ ಎಂಟೂ ಒಂದೂ ಸೇರಿ ಸಂಖ್ಯೆ ಒಂಬತ್ತು, 2.81. ಒಳಗಿನ ಎರಡಾದರೆ ನಾಲ್ಕೂ ಎರಡೂ ಸೇರಿ ಆರು, 1.88. ಒಂಬತ್ತೂ ಆರೂ ಸೇರಿದರೆ ಹದಿನೈದು. ಹಾಗೆಯೇ ಕೊನೆಯ ಎರಡು ವೋಲ್ಟೇಜುಗಳನ್ನು ಕೂಡಿದರೆ ಎರಡನೆಯದು, ಅಂದರೆ 4.69, ಬರಬೇಕು. ಬಂತೆಂದರೆ ಸ್ವಿಚ್ಚು, ಬೆಸುಗೆ, ರೆಸಿಸ್ಟರು ಎಲ್ಲ ಸರಿ. ಕಂಪನಿಯಿಂದ ಜೋಡಿಸಿಯೇ ಬಂದ ನಮ್ಮ ಟ್ರೇನರ್ ಡಬ್ಬಗಳಿಗೆ ಇದು ಸಾಕಾಗಿತ್ತು.

ಅವರು ನಾಲ್ಕನ್ನೂ ಮಾಡಿ ನೋಡಿದರು. ನಾಲ್ಕೂ ಸರಿ ಬಂದವು. “ಥ್ಯಾಂಕ್ಸ್ ಸರ್, ಎಷ್ಟು ಟೈಮ್ ಉಳೀತು!” ಎಂದರು. ಮೀಟರನ್ನು ನಾನೇ ಓದಿದ್ದೆ. ಸರಿ ಬರದಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದೂ ನನಗೇ.

ಆ ಸಂಜೆ ಮನೆಯಲ್ಲಿ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ನಾನು ಹಲಗೆಯ ವಿಷಯ ಹೇಳಿದೆ. ಬಣ್ಣ ಬಳಿದದ್ದು, ಚಿತ್ರ ಬರೆದದ್ದು, ಬೆಸುಗೆ ಹೊಳೆದದ್ದು.

“ಮತ್ತ ಚಲೋ ಮಾಡ್ಯಾರಲ್ಲ,” ಎಂದಳು.

“ನಾಟಕದ ಪರದೆ ಆದಂಗ ಆಗೇದ. ಪಾಠಕ್ಕ ಅಷ್ಟು ದೊಡ್ಡದು ಯಾಕ ಬೇಕು?”

“ಕೊನೀ ಬೆಂಚಿನವರಿಗೆ ಕಾಣ್ಲಿ ಅಂತ.”

“ಕೊನೀ ಬೆಂಚಿನ್ಯಾಗ ನಾನ ಕೂಡೋದು.”

“ಹಂಗಾರ ನಿಮಗೂ ಕಾಣ್ತದ ಬಿಡ್ರಿ.” ಆಕೆ ರೊಟ್ಟಿ ತಿರುವಿ ಹಾಕಿ ನನ್ನ ಕಡೆ ನೋಡಿದಳು. “ನಿಮ್ಮ ಹೊಟ್ಟಿ ಉರಿಗೆ ಈ ಹಂಚು ಇಟ್ಟಿದ್ರ ಗ್ಯಾಸ್ ಉಳೀತಿತ್ತು.”

ಆ ಮಾತಿನಲ್ಲಿ ತಪ್ಪು ಹುಡುಕುವುದೂ ಕಷ್ಟವಿತ್ತು.

ಕ್ಲಾಸಿನ ದಿನ ಲ್ಯಾಬು ತುಂಬಿತ್ತು. ಮುಖ್ಯಸ್ಥೆ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡಿದ್ದರು. ನಾನು ಕೊನೆಯ ಬೆಂಚಿನಲ್ಲಿ ಕೂತೆ. ಪಕ್ಕದ ಇಬ್ಬರು ಹುಡುಗರು ಸರಿದು ಜಾಗ ಕೊಟ್ಟು, ಆಮೇಲೆ ಪಿಸುಮಾತನ್ನೂ ನಿಲ್ಲಿಸಿದರು.

ಈ ಪಾಠವನ್ನು ನಾನು ಹೇಳುತ್ತಿದ್ದ ಕ್ರಮ ಬೇರೆ. ಮೊದಲು ಪ್ರಮೇಯ, ಆಮೇಲೆ ಸಮೀಕರಣ, ಕೊನೆಗೆ ಕೋಷ್ಟಕ. ಬೋರ್ಡು ತುಂಬುತ್ತಿತ್ತು, ಅಳಿಸಿ ಮತ್ತೆ ತುಂಬಿಸುತ್ತಿದ್ದೆ. ಹುಡುಗರು ಬರೆದುಕೊಳ್ಳುತ್ತಿದ್ದರು. ಅರ್ಥವಾಯಿತೇ ಎಂದು ಕೇಳಿದರೆ ಹೌದು ಎನ್ನುತ್ತಿದ್ದರು.

ಅವರು ಸಮೀಕರಣವನ್ನೇ ಬರೆಯಲಿಲ್ಲ. ಏಣಿಯ ಚಿತ್ರ ಬರೆದರು. ಎಡ ತುದಿಯಲ್ಲಿ ಔಟ್‌ಪುಟ್, ಬಲ ತುದಿಯಲ್ಲಿ ಯಾವಾಗಲೂ ಗ್ರೌಂಡಿಗೆ ಕಟ್ಟಿದ ಒಂದು ಇಪ್ಪತ್ತರ ರೆಸಿಸ್ಟರು. ಆಮೇಲೆ ಚೀಲದಿಂದ ಒಂದು ರಟ್ಟಿನ ತುಂಡು ತೆಗೆದರು. ಅದರ ಮೇಲೆ ದೊಡ್ಡದಾಗಿ ಇಪ್ಪತ್ತು ಎಂದು ಬರೆದಿತ್ತು. ಅದನ್ನು ಬಲ ತುದಿಯ ಆ ರೆಸಿಸ್ಟರಿನ ಮೇಲೆ ಹಿಡಿದರು.

“ಇಲ್ಲಿ ಇಪ್ಪತ್ತು,” ಎಂದರು ತಮ್ಮ ಮುರುಕು ಮರಾಠಿಯಲ್ಲಿ. “ಪಕ್ಕದ ಕಾಲೂ ಇಪ್ಪತ್ತು. ಎರಡೂ ಪ್ಯಾರಲಲ್. ಎಷ್ಟು?”

“ಹತ್ತು,” ಎಂದಿತು ಕ್ಲಾಸು.

“ಮುಂದೆ ಉದ್ದಕ್ಕೆ ಇನ್ನೊಂದು ಹತ್ತು. ಕೂಡಿದರೆ?”

“ಇಪ್ಪತ್ತು.”

ರಟ್ಟನ್ನು ಒಂದು ಹೆಜ್ಜೆ ಎಡಕ್ಕೆ ಸರಿಸಿದರು. ಈಗ ಅದು ಹಿಂದಿನದ್ದನ್ನೆಲ್ಲ ಮುಚ್ಚಿತ್ತು. ಕಾಣುತ್ತಿದ್ದದ್ದು ಮತ್ತೆ ಅದೇ ಇಪ್ಪತ್ತು, ಅದರ ಪಕ್ಕಕ್ಕೆ ಮುಂದಿನ ಕಾಲಿನ ಇಪ್ಪತ್ತು. ಮತ್ತೆ ಕೇಳಿದರು, ಮತ್ತೆ ಅದೇ ಉತ್ತರ. ಮತ್ತೆ ಸರಿಸಿದರು. ಮೂರನೆಯ ಸಲ ಅವರು ಪ್ರಶ್ನೆ ಕೇಳುವ ಮೊದಲೇ ಕ್ಲಾಸು ಉತ್ತರ ಹೇಳಿ ನಕ್ಕಿತು.

“ಎಲ್ಲಿ ನಿಂತು ನೋಡಿದ್ರೂ ಹಿಂದಿನದ್ದೆಲ್ಲ ಸೇರಿ ಇಪ್ಪತ್ತೇ. ಕಾಲೂ ಇಪ್ಪತ್ತು. ಸಮ ಸಮ. ಅದಕ್ಕೇ ಪ್ರತಿ ಜಾಯಿಂಟಲ್ಲೂ ವೋಲ್ಟೇಜ್ ಅರ್ಧ ಆಗತ್ತೆ. ಔಟ್‌ಪುಟ್ ಪಕ್ಕದ ಸ್ವಿಚ್ ಒಂದೇ ಸಲ ಅರ್ಧ ಆಗತ್ತೆ, ಐದರಲ್ಲಿ ಎರಡೂವರೆ. ಅದರ ಹಿಂದಿನದು ಎರಡು ಸಲ. ಅದರ ಹಿಂದಿನದು ಮೂರು. ಕೊನೇದು ನಾಲ್ಕು ಸಲ ಅರ್ಧ ಆಗಿ ಬರತ್ತೆ. 0.31. ಯಾವ್ಯಾವ ಸ್ವಿಚ್ ಮೇಲಿದೆಯೋ ಅವನ್ನೆಲ್ಲ ಕೂಡಿ. ಅಷ್ಟೇ.”

ಅಷ್ಟೇ ಆಗಿತ್ತು. ನನ್ನ ಎರಡು ಬೋರ್ಡಿನಷ್ಟು ಬರಹ ಒಂದು ರಟ್ಟಿನ ಹಿಂದೆ ಹೋಗಿ ಕೂತಿತ್ತು. ಪಕ್ಕದ ಹುಡುಗ ತನ್ನ ಗೆಳೆಯನಿಗೆ, “ಅರೆ, ಇಷ್ಟೇನಾ?” ಎಂದ. ಆಮೇಲೆ ನಾನು ಪಕ್ಕದಲ್ಲಿದ್ದೇನೆಂದು ನೆನಪಾಗಿ ತಲೆ ತಗ್ಗಿಸಿದ. ಆ ರಟ್ಟು ನನಗೆ ಹೊಳೆಯಬೇಕಿತ್ತು. ಆ ಏಣಿಯನ್ನು ಅವರಿಗಿಂತ ಹೆಚ್ಚು ಸಲ ಬೋರ್ಡಿನ ಮೇಲೆ ಬರೆದವನು ನಾನು.

ಹಲಗೆಗೆ ಐದು ವೋಲ್ಟ್ ಕೊಟ್ಟು, ಮೀಟರು ಜೋಡಿಸಿ, ಅವರು ನನ್ನ ಕಡೆ ತಿರುಗಿದರು. “ಮೊದಲ ಪ್ರಶ್ನೆ ಸರ್‌ದು.”

ನಾನು ಎದ್ದು ನಿಂತೆ. “ಎಲ್ಲಾ ಸ್ವಿಚ್ಚು ಮೇಲಿದ್ದರೂ ಐದು ವೋಲ್ಟ್ ಯಾಕೆ ಬರುವುದಿಲ್ಲ?” ಎಂದೆ. ನನ್ನ ಹುಡುಗರು ಪ್ರತಿ ವರ್ಷ ಎಡವುತ್ತಿದ್ದ ಪ್ರಶ್ನೆ.

“ಬಲ ತುದಿಯ ಇಪ್ಪತ್ತು ಯಾವಾಗಲೂ ಗ್ರೌಂಡಲ್ಲೇ ಇರತ್ತೆ ಸರ್. ಅದಕ್ಕೆ ಸ್ವಿಚ್ ಇಲ್ಲ. ಅದರ ಪಾಲು ಕೊನೇ ಸ್ವಿಚ್ಚಿನ ಪಾಲಿನಷ್ಟೇ, 0.31. ಅದು ಸೇರಲ್ಲ. ಐದಕ್ಕೆ ಅಷ್ಟು ಕಡಿಮೆ.” ಸ್ವಿಚ್ಚುಗಳನ್ನೆಲ್ಲ ಮೇಲೆ ಮಾಡಿದರು. ಮೀಟರು 4.69 ತೋರಿಸಿತು.

“ಒಂಬತ್ತು ಹಾಕ್ರಿ,” ಎಂದೆ. ಆ ಗಡಿಬಿಡಿಯಲ್ಲಿ ಕನ್ನಡದಲ್ಲೇ ಹೇಳಿಬಿಟ್ಟಿದ್ದೆ.

ಹೊರಗಿನ ಎರಡು ಮೇಲೆ. 2.81. ಚಪ್ಪಾಳೆ.

“ಆರು.”

ಒಳಗಿನ ಎರಡು ಮೇಲೆ. 1.88. ಚಪ್ಪಾಳೆ ಇನ್ನೂ ಜೋರಾಯಿತು. ಅವರನ್ನು ಎಡವಿಸಬೇಕೆಂದು ಎದ್ದು ನಿಂತವನು ನಾನು, ಮೆರವಣಿಗೆ ಮಾಡಿಸುತ್ತಿದ್ದವನೂ ನಾನೇ. ಕೂತುಬಿಟ್ಟೆ.

ಆಗ ಮುಂದಿನ ಬೆಂಚಿನ ಒಬ್ಬ ಹುಡುಗಿ ಕೈ ಎತ್ತಿದಳು. “ಮ್ಯಾಮ್, ಎಲ್ಲಕ್ಕಿಂತ ಚಿಕ್ಕ ಸ್ವಿಚ್ ಒಂದನ್ನೇ ಹಾಕಿ. 0.31 ಹೇಗಿರುತ್ತೆ ನೋಡಬೇಕು.”

ಅವರು ಬಲ ತುದಿಯಲ್ಲಿ ‘ಒಂದು’ ಎಂದು ಬರೆದಿದ್ದ ಸ್ವಿಚ್ಚನ್ನು ಮೇಲೆ ಮಾಡಿದರು. ಮೀಟರಿನಲ್ಲಿ 2.50 ಬಂತು.

ಈ ಸಲ ಚಪ್ಪಾಳೆ ಬರಲಿಲ್ಲ. ಅವರು ಅದನ್ನು ಕೆಳಗೆ ಮಾಡಿ, ಎಡ ತುದಿಯ ‘ಎಂಟು’ ಹಾಕಿದರು. 0.31.

ನನ್ನ ಎದೆಯಲ್ಲಿ ಎದ್ದದ್ದು ಸಂತೋಷ. ಅದಕ್ಕೆ ಬೇರೆ ಹೆಸರು ಕೊಡಲಾರೆ. ಮುಖ್ಯಸ್ಥೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದನ್ನೂ ಗಮನಿಸಿದೆ.

ಅವರು ಮೀಟರನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಹಲಗೆಯನ್ನು ಗೋಡೆಯಿಂದ ಸ್ವಲ್ಪ ತಿರುಗಿಸಿ ಹಿಂಬದಿ ನೋಡಿ, ನಗತೊಡಗಿದರು. ಹಣೆ ಚಚ್ಚಿಕೊಂಡು ನಗುವ ನಗು.

“ನೋಡಿ ಬನ್ನಿ ಎಲ್ಲರೂ! ಬರೆದದ್ದು ಮುಂದಿನಿಂದ, ವೈರ್ ಮಾಡಿದ್ದು ಹಿಂದಿನಿಂದ. ನನ್ನ ಎಡ ಇದರ ಬಲ ಆಗೋಗಿದೆ. ಪೂರ್ತಿ ಏಣಿ ಉಲ್ಟಾ!”

ಹುಡುಗರು ಹಲಗೆಯ ಸುತ್ತ ಮುತ್ತಿದರು. ಹಿಂಬದಿಯಲ್ಲಿ ಏಣಿ ಚಿತ್ರದಂತೆಯೇ ಸರಿಯಾಗಿತ್ತು, ಅಲ್ಲಿ ನಿಂತು ನೋಡಿದವರಿಗೆ. ಮೆಟ್ಟಿಲು ಹತ್ತುವಾಗ ನಾನು ನೋಡುತ್ತ ಬಂದದ್ದು ಅದನ್ನೇ. ಬೆಸುಗೆ ನೋಡಿದ್ದೆ, ಎಡಬಲ ನೋಡಿರಲಿಲ್ಲ.

“ಹಾಗಾದರೆ ಒಂಬತ್ತು ಸರಿ ಹೇಗೆ ಬಂತು ಮ್ಯಾಮ್? ಆರು?” ಎಂದಳು ಆ ಹುಡುಗಿ.

“ಹೇಳಿ, ಹೇಗೆ ಬಂತು?” ಎಂದು ಅವರು ತಿರುಗಿ ಕೇಳಿದರು. ಒಂಬತ್ತನ್ನು ಬೋರ್ಡಿನ ಮೇಲೆ ಬರೆದರು, 1001. ಆರನ್ನು ಬರೆದರು, 0110. ಒಂದು ನಿಮಿಷವೂ ಹೋಗಿರಲಿಕ್ಕಿಲ್ಲ, ಹಿಂದಿನಿಂದ ಯಾರೋ ಕೂಗಿದರು: ಎಡದಿಂದ ಓದಿದರೂ ಅದೇ, ಬಲದಿಂದ ಓದಿದರೂ ಅದೇ. ಎಲ್ಲ ಸೊನ್ನೆಯೂ ಹಾಗೆಯೇ, ಎಲ್ಲ ಒಂದೂ ಹಾಗೆಯೇ. ಹದಿನಾರರಲ್ಲಿ ಉಲ್ಟಾ ಆದದ್ದನ್ನು ಮುಚ್ಚಿಡುವವು ಆ ನಾಲ್ಕು ಮಾತ್ರ. ನನ್ನ ನಾಲ್ಕು.

ಆಗ ಅವರು ನನ್ನ ಕಡೆ ನೋಡಿದರು. ಇನ್ನೂ ನಗುಮುಖದಲ್ಲೇ ಇದ್ದರು.

“ಸರ್ ಬೇಕೂಂತಲೇ ಅವೆರಡನ್ನ ಕೇಳಿದ್ದು,” ಎಂದರು ಕ್ಲಾಸಿಗೆ. “ಮೊದಲು ಎಲ್ಲ ಸರಿ ಇದೆ ಅಂತ ನಂಬಿಸಿ, ಆಮೇಲೆ ನೀವೇ ತಪ್ಪು ಹಿಡಿಯೋ ಹಾಗೆ ಮಾಡಿದ್ರು. ಎಷ್ಟು ಚೆನ್ನಾಗಿ ಯೋಚಿಸಿದಾರೆ ನೋಡಿ.”

“ವಾ ಸರ್!” ಎಂದರು ಮುಖ್ಯಸ್ಥೆ, ಬಾಗಿಲ ಬಳಿಯಿಂದ. “ಖರಂಚ್, ನಿಜಕ್ಕೂ ವಾ! ಅನುಭವ ಅಂದರೆ ಇದು. ಈ ವಿಷಯ ನಿಮ್ಮ ಕೈಯಲ್ಲೇ ಇರಬೇಕು ಅನ್ನಿಸುತ್ತಿದೆ.”

ಕ್ಲಾಸು ಹಿಂದಕ್ಕೆ ತಿರುಗಿತು. ನನ್ನ ಕಡೆ ಆ ಮಕ್ಕಳು ಹಾಗೆ ನೋಡಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಸುಮ್ಮನೆ ತಲೆ ಆಡಿಸಿದ್ದರೆ ಸಾಕಿತ್ತು. ವಿಷಯ ನನ್ನದೇ ಉಳಿಯುತ್ತಿತ್ತು.

ಆದರೆ ಆ ಹೊಗಳಿಕೆ ಕೊಡಿಸುತ್ತಿದ್ದವರು ಅವರು. ರಟ್ಟೂ ಅವರದೇ, ನಗುವೂ ಅವರದೇ, ತಪ್ಪು ಸಿಕ್ಕಾಗ ಅದನ್ನು ಪಾಠ ಮಾಡಿದ್ದೂ ಅವರೇ. ಈಗ ನನ್ನ ಹೆಗ್ಗಳಿಕೆಯೂ ಅವರ ಕೈಯಿಂದಲೇ ಬರಬೇಕೆ?

“ಇಲ್ಲ ಮೇಡಂ,” ಎಂದೆ ಮುಖ್ಯಸ್ಥೆಗೆ, ನನ್ನ ತಪ್ಪಿಲ್ಲದ ಮರಾಠಿಯಲ್ಲಿ. “ನನಗೆ ಗೊತ್ತಿರಲಿಲ್ಲ. ಆ ಎರಡನ್ನು ನಾನು ಯಾವಾಗಲೂ ಕೇಳುತ್ತೇನೆ. ರೂಢಿ, ಅಷ್ಟೇ. ಈ ಹಲಗೆಯನ್ನೂ ಅವರು ನಾನು ಹೇಳಿದ ಹಾಗೆಯೇ ಪರೀಕ್ಷೆ ಮಾಡಿದ್ದು. ಅದಕ್ಕೇ ತಪ್ಪು ಸಿಗಲಿಲ್ಲ.”

ಮುಖ್ಯಸ್ಥೆ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಅವರನ್ನು. “ಬರೋಬರ್,” ಎಂದು ಎದ್ದು ಹೋದರು. ವಿಷಯ ಯಾರದೆಂದು ಮರುದಿನ ವೇಳಾಪಟ್ಟಿಯಲ್ಲಿ ಬಂತು. ಡಿಜಿಟಲ್ ಎಲೆಕ್ಟ್ರಾನಿಕ್ಸ್ ಅವರಿಗೆ. ವೈರಿಂಗ್ ನನಗೆ.

ಆ ದಿನ ಕ್ಲಾಸು ಮುಗಿದ ಮೇಲೆ ಅವರು ಸ್ಟಾಫ್‌ರೂಮಿಗೆ ಬಂದರು. ಎರಡು ಗ್ಲಾಸ್ ಚಹಾ ತಂದಿದ್ದರು.

“ಯಾಕ್ ಸರ್ ಹಾಗೆ ಹೇಳಿದ್ರಿ? ನಾನು ನಿಮಗೆ ಹೆಲ್ಪ್ ಮಾಡ್ತಿದ್ದೆ.”

“ಗೊತ್ತಾತ್ರಿ,” ಎಂದೆ. “ಅದಕ್ಕ ಹೇಳ್ದೆ.”

ಅವರಿಗೆ ಅರ್ಥವಾಯಿತೋ ಇಲ್ಲವೋ ತಿಳಿಯದು. ಚಹಾ ಮಾತ್ರ ಕುಡಿದೆ, ಚೆನ್ನಾಗಿತ್ತು. ಮನೆಯಲ್ಲಿ ಹೆಂಡತಿ ಎಲ್ಲ ಕೇಳಿ, “ಖರೇ ಹೇಳಾಕೂ ನಿಮಗ ಹೊಟ್ಟಿಕಿಚ್ಚ ಬೇಕಾತಲ್ರಿ,” ಎಂದಳು.

ಅವರು ಹಲಗೆಯನ್ನು ಸರಿಪಡಿಸುತ್ತಾರೆ ಎಂದುಕೊಂಡಿದ್ದೆ. ಮಾಡಲಿಲ್ಲ. ಹಾಗೆಯೇ ಉಲ್ಟಾ ಇಟ್ಟುಕೊಂಡರು. ಪ್ರತಿ ಹೊಸ ಬ್ಯಾಚಿಗೂ ರಟ್ಟು ತೋರಿಸಿ ಆದ ಮೇಲೆ, ‘ಸರ್ ಕೇಳಿದ ಎರಡು’ ಎಂದು ಹೇಳಿ ಒಂಬತ್ತು ಹಾಕುತ್ತಾರೆ, ಆರು ಹಾಕುತ್ತಾರೆ. ಆಮೇಲೆ ಚಿಕ್ಕ ಸ್ವಿಚ್ಚು. ಇದನ್ನು ನಾನು ಕೇಳಿ ಬಲ್ಲೆ, ಕಂಡದ್ದಲ್ಲ. ನನ್ನ ವೈರಿಂಗ್ ಕೋಣೆ ಗೋಡೆಯಾಚೆಗೇ ಇದೆ. ಹುಡುಗರು ನನ್ನೆದುರು ಹೋಲ್ಡರಿಗೆ ತಂತಿ ಸುತ್ತುತ್ತಿರುವಾಗ ಆ ಕಡೆಯಿಂದ ಮೊದಲ ಚಪ್ಪಾಳೆ ಬರುತ್ತದೆ, ಎರಡನೆಯದು ಬರುತ್ತದೆ. ನಾನು ಕೈಯಲ್ಲಿದ್ದ ಟೆಸ್ಟರನ್ನು ಹಾಗೆಯೇ ಹಿಡಿದು ನಿಲ್ಲುತ್ತೇನೆ. ಮೂರನೆಯದಕ್ಕೆ ಏನೂ ಬರುವುದಿಲ್ಲ. ಸ್ವಲ್ಪ ಹೊತ್ತಿಗೆ ಕ್ಲಾಸಿಗೆ ಕ್ಲಾಸೇ ಗದ್ದಲವೆದ್ದು, ಆ ಗದ್ದಲದೊಳಗಿಂದ ಅವರ ನಗು ಕೇಳಿಸುತ್ತದೆ.

ಆ ಗದ್ದಲ ನನ್ನ ಕ್ಲಾಸಿನಲ್ಲಿ ಏಳಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ. ಪ್ರತಿ ಸಲವೂ.